ಆಷಾಢದ ಸೇಲ್ ಮತ್ತು ಕಾಣದ ಬೆಲೆ

ಎಲ್ಲರಿಗೂ ನಮಸ್ಕಾರ. ಹೋದ ಆಷಾಢದಲ್ಲಿ ನಮ್ಮಕ್ಕ ಒಂದು ಸೀರೆ ತಂದಳು. ಹಳೇ ಬೆಲೆಯ ಮೇಲೆ ಸ್ಟಿಕ್ಕರ್ ಅಂಟಿಸಿದ್ದರು: ‘20% ಕಡಿತದ ನಂತರ ₹2,400’. ಉಗುರಿನಿಂದ ಕೆರೆದರೂ ಸ್ಟಿಕ್ಕರ್ ಬಿಡಲಿಲ್ಲ. ಅಸಲು ಬೆಲೆ ಎಷ್ಟಿತ್ತು ಅನ್ನೋದು ಅವಳ ಪ್ರಶ್ನೆ.

ಭಾವ ಮೊಬೈಲ್ ತೆಗೆದು 2,400ಕ್ಕೆ 20% ಕೂಡಿಸಿದರು. 2,880 ಬಂತು. ನಾನು ಹೇಳಿದೆ, ಭಾವ, ಈಗ 2,880ಕ್ಕೆ 20% ಕಳೆದು ನೋಡಿ. 2,304 ಬಂತು! ಸ್ಟಿಕ್ಕರ್‌ನಲ್ಲಿದ್ದ 2,400 ಬರಲೇ ಇಲ್ಲ.

ಯಾಕೆ ಹೀಗಾಯ್ತು? ಅಂಗಡಿಯವರು 20% ಕಳೆದಿದ್ದು ದೊಡ್ಡ ಬೆಲೆಯ ಮೇಲೆ. ಭಾವ ಕೂಡಿಸಿದ್ದು ಕಳೆದು ಉಳಿದ ಚಿಕ್ಕ ಬೆಲೆಯ ಮೇಲೆ. ಶೇಕಡಾ ಎರಡೂ ಕಡೆ ಒಂದೇ, ಆದರೆ ಯಾವುದರ ಶೇಕಡಾ ಅನ್ನೋದು ಬೇರೆ. ಎಡವೋದು ಇಲ್ಲೇ.

ಸರಿಯಾದ ದಾರಿ ಸುಲಭ. ಅಸಲು ಬೆಲೆಯನ್ನು ನೂರು ಪಾಲು ಅಂದುಕೊಳ್ಳಿ. ಇಪ್ಪತ್ತು ಪಾಲು ಹೋಯಿತು, ಎಂಬತ್ತು ಉಳಿಯಿತು. ಆ ಎಂಬತ್ತು ಪಾಲೇ ಈ 2,400 ರೂಪಾಯಿ. ಹಾಗಾದರೆ ಒಂದು ಪಾಲಿಗೆ 30 ರೂಪಾಯಿ, ನೂರು ಪಾಲಿಗೆ 3,000. ಕ್ಯಾಲ್ಕುಲೇಟರ್ ಇದ್ದರೆ 2,400 ÷ 0.80 ಒತ್ತಿದರೆ ಸಾಕು. ತಾಳೆ ನೋಡೋಣ: 3,000ದ 20% ಅಂದರೆ 600, ಕಳೆದರೆ 2,400.

ಬಾಯಿಲೆಕ್ಕಕ್ಕೆ ನಾನು ಬಳಸೋದು ಬೇರೆ. 20% ಅಂದರೆ ಐದರಲ್ಲಿ ಒಂದು ಭಾಗ. ಅದು ಹೋದ ಮೇಲೆ ಉಳಿದಿರೋದು ನಾಲ್ಕು ಭಾಗ. ಹಾಗಾಗಿ ಕೈಯಲ್ಲಿರೋ ಬೆಲೆಯ ಕಾಲು ಭಾಗ ಸೇರಿಸಿ. 2,400ರ ಕಾಲು 600, ಆಯ್ತಲ್ಲ. ಕಡಿತ 25% ಆದರೆ ಮೂರನೇ ಒಂದು ಭಾಗ ಸೇರಿಸಬೇಕು. ಅರ್ಧ ಬೆಲೆ ಆದರೆ ಕೈಯಲ್ಲಿರೋ ಬೆಲೆಯಷ್ಟನ್ನೇ ಮತ್ತೆ ಸೇರಿಸಬೇಕು, ಅದನ್ನು ಯಾರೂ ತಪ್ಪು ಮಾಡಲ್ಲ, ಅಲ್ವಾ?

‘20% ಜೊತೆಗೆ ಇನ್ನೂ 10%’ ಅಂತ ಬೋರ್ಡ್ ಇದ್ದರೆ ಸ್ವಲ್ಪ ಹುಷಾರು. ಸಾಮಾನ್ಯವಾಗಿ ಆ 10% ಕಳೆಯೋದು ಉಳಿದ ಎಂಬತ್ತು ಪಾಲಿನಲ್ಲಿ. ಎಂಟು ಪಾಲು ಹೋಗಿ 72 ಉಳಿಯುತ್ತದೆ. ಅದೇ ಸೀರೆಗೆ 2,160 ಕೊಟ್ಟಿದ್ದರೆ 0.72ರಿಂದ ಭಾಗಿಸಬೇಕು, 3,000 ಬರುತ್ತದೆ. ಸುಮ್ನೆ 30% ಅಂತ 0.70ರಿಂದ ಭಾಗಿಸಿದರೆ 3,086ರ ಹತ್ತಿರ ಬಂದು ಸುಮಾರು 86 ರೂಪಾಯಿ ಜಾಸ್ತಿ ತೋರಿಸುತ್ತದೆ.

ಇನ್ನು ಆನ್‌ಲೈನ್ ಬೆಲೆ. ‘30% ಕಡಿತ, ₹999’ ಅಂತ ಇದೆ ಅನ್ನಿ. 0.70ರಿಂದ ಭಾಗಿಸಿದರೆ 1,427 ರೂಪಾಯಿ 14 ಪೈಸೆ. ಇಂಥ ಬೆಲೆ ಯಾರೂ ಇಡೋದಿಲ್ಲ. 30 ಅನ್ನೋದು ಹತ್ತಿರದ ಪೂರ್ಣ ಸಂಖ್ಯೆ ಇರಬಹುದು. ನಿಜವಾದ ಕಡಿತ 29.5ರಿಂದ 30.5ರ ನಡುವೆ ಇದ್ದರೆ, ಅಸಲು ಬೆಲೆ ಸುಮಾರು 1,417ರಿಂದ 1,437ರೊಳಗೆ ಎಲ್ಲಿ ಬೇಕಾದರೂ ಇರಬಹುದು. 1,425 ಇಟ್ಟರೂ ಲೆಕ್ಕ ಕೂಡುತ್ತದೆ, 1,429 ಇಟ್ಟರೂ ಕೂಡುತ್ತದೆ. ಇದರಲ್ಲಿ ಯಾವುದು ಅಂತ ಆ ಎರಡು ಸಂಖ್ಯೆಗಳಿಂದಷ್ಟೇ ಹೇಳೋಕೆ ಆಗಲ್ಲ.