ಗೀಟು ಎಳೆದ ಬೆಲೆ, ನಿಜವಾದ ಲೆಕ್ಕ

ನಮಸ್ಕಾರ ಕೇಳುಗರೇ. ಮನೇಲೇ ಕೂತು ಆರಿ ವರ್ಕು, ಸೀರೆ ಕುಚ್ಚು ಹೇಳ್ಕೊಡೋ ಎಷ್ಟೋ ಹೆಣ್ಮಕ್ಕಳು ಈಗ ಆನ್‌ಲೈನಲ್ಲಿ ಕೋರ್ಸ್ ಮಾರ್ತಿದಾರೆ. ಕಲಿಸೋದು ಚೆನ್ನಾಗೇ ಬರತ್ತೆ, ಆದ್ರೆ ರೇಟ್ ಹಾಕೋ ಹೊತ್ತಿಗೆ ಯಾರೋ ಹೇಳಿದ್ರು ಅಂತ 9,000 ಬರೆದು ಅದಕ್ಕೊಂದು ಗೀಟು ಎಳೆದು ಪಕ್ಕದಲ್ಲಿ 2,999 ಅಂತ ಹಾಕ್ತಾರೆ. ಆ 9,000ಕ್ಕೆ ಯಾವತ್ತೂ ಒಬ್ಬರಿಗೂ ಮಾರಿಲ್ಲ ಅಂದ್ಮೇಲೆ ಅದು ಸುಳ್ಳು ಬೆಲೆ, ಅದರ ಅಗತ್ಯಾನೂ ಇಲ್ಲ.

ಲೆಕ್ಕ ನೋಡಿ. ಆರಿ ಬೇಸಿಕ್ 1,200, ಬ್ಲೌಸ್ ಡಿಸೈನ್ 1,800, ಕುಚ್ಚು 900 ಅಂತ ಇಟ್ಕೊಳಿ, ಮೂರೂ ಬಿಡಿಯಾಗಿ ನಿಜವಾಗ್ಲೂ ಆ ರೇಟಿಗೇ ಮಾರ್ತಿದೀರ. ಒಟ್ಟು 3,900. ಮೂರೂ ಸೇರಿಸಿದ ಬಂಡಲ್ 2,999. ಬೇಸಿಕ್ಕು, ಬ್ಲೌಸು ಎರಡೇ ಸಾಕು ಅನ್ನೋರಿಗೆ ಬಿಡಿಯಾಗಿ 3,000 ಬೀಳತ್ತೆ, ಬಂಡಲ್ ತಗೊಂಡ್ರೆ ಕುಚ್ಚು ಪುಕ್ಕಟೆ ಬಂದಂಗಾಯ್ತು, ಅಷ್ಟು ಹೇಳಿದ್ರೆ ಸಾಕು, ಜನ ತಾವೇ ತಗೋತಾರೆ. ಆದ್ರೆ ಕುಚ್ಚು ಮಾತ್ರ ಬೇಕು ಅನ್ನೋರಿಗೆ 900ರ ಬಟನ್ನೂ ಅಲ್ಲೇ ಕಣ್ಣಿಗೆ ಕಾಣ್ಬೇಕು, ಪೇಜಿನ ಬುಡದಲ್ಲಿ ಬಚ್ಚಿಡಬಾರದು. ಒಂದು ತಿಂಗಳಾದ್ಮೇಲೆ ಬಂಡಲ್ ತಗೊಂಡೋರು ಯಾವ ವಿಡಿಯೋ ತೆರೆದಿದಾರೆ ನೋಡಿ. ಕುಚ್ಚನ್ನ ಬಹಳಷ್ಟು ಜನ ಮುಟ್ಟೇ ಇಲ್ಲ ಅಂದ್ರೆ ನೀವು ಬರೀ ತೂಕಕ್ಕೆ ಸೇರಿಸಿದ್ದು ಅಂತ ಅರ್ಥ, ಅದನ್ನ ತೆಗೆದು ಬಂಡಲ್ ರೇಟ್ ಇಳಿಸಿ.

ಇನ್ನು ಪ್ಲಾನ್‌ಗಳ ವಿಷಯ. ಅದೇ ಬೇಸಿಕ್ ಕೋರ್ಸು: ಬರೀ ವಿಡಿಯೋಗೆ 1,200, ಶನಿವಾರ ಲೈವಲ್ಲಿ ಡೌಟ್ ಕೇಳೋ ಅವಕಾಶ ಸೇರಿದ್ರೆ 2,400, ನೀವೇ ಒಬ್ಬೊಬ್ಬರ ಕೆಲಸ ನೋಡಿ ತಿದ್ದೋದಕ್ಕೆ 5,000. ಇಲ್ಲಿ ಹೆಚ್ಚಿಗೆ ಕೊಟ್ಟಂಗೆಲ್ಲ ಸಿಗೋದು ನಿಮ್ಮ ಸಮಯ, ಪಾಠ ಅಲ್ಲ. ಕೆಲವರು ಕಡಿಮೆ ಪ್ಲಾನಲ್ಲಿ ಕೊನೇ ಗಂಟು ಹಾಕೋ ಪಾಠಾನೇ ಬಿಟ್ಬಿಡ್ತಾರೆ, ಆರಿ ಅಂದ್ರೆ ಚೈನ್ ಸ್ಟಿಚ್ ಅಲ್ವಾ, ಕೊನೇಲಿ ಗಂಟು ಬೀಳದಿದ್ರೆ ಎಳೆ ಸಿಕ್ಕಿದ ಕೂಡ್ಲೇ ಇಡೀ ಸಾಲು ಬಿಚ್ಕೊಂಡು ಬರತ್ತೆ, 1,200 ಕೊಟ್ಟೋರ ಬ್ಲೌಸ್ ಹಾಳಾಗತ್ತೆ, ಅದು ಮೋಸಾನೇ. ಕಡಿಮೆ ಪ್ಲಾನಲ್ಲೂ ಕೆಲಸ ಪೂರ್ತಿ ಮುಗಿಸೋಕೆ ಬರಬೇಕು.

ನೀವು ಜಿಎಸ್‌ಟಿ ರಿಜಿಸ್ಟರ್ ಮಾಡಿಸಿದ್ರೆ 2,400ಕ್ಕೆ ಶೇ. 18 ಸೇರಿ 2,832 ಆಗತ್ತೆ, ಆ 2,832ನ್ನೇ ಮೊದಲು ತೋರಿಸಿ. ಪೇಮೆಂಟ್ ಪೇಜಿಗೆ ಹೋದ್ಮೇಲೆ ರೇಟ್ ಏರಿದ್ರೆ ಅದು ಡ್ರಿಪ್ ಪ್ರೈಸಿಂಗ್, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಲ್ಲಿ ತಂದ ಮಾರ್ಗಸೂಚೀಲಿ ಹೆಸರಿಟ್ಟೇ ಬೇಡ ಅಂದಿರೋದು. ಪೇಜ್ ತೆರೆದಾಗೆಲ್ಲ ಹೊಸದಾಗಿ ಶುರುವಾಗೋ ಟೈಮರೂ ಹಾಗೇನೇ. ಸೂಜಿ, ಫ್ರೇಮು, ದಾರ ಕೋರ್ಸ್ ಜೊತೆ ಬರಲ್ಲ ಅಂದ್ರೆ ಅದನ್ನೂ ರೇಟಿನ ಪಕ್ಕದಲ್ಲೇ ಬರೀರಿ.

5,000ದ ಪ್ಲಾನಿಗೆ 10 ಸೀಟು ಮಾತ್ರ ಅನ್ನಬಹುದಾ? ಒಬ್ಬರಿಗೆ ವಾರಕ್ಕೆ ಅರ್ಧ ಗಂಟೆ ಅಂದ್ರೂ 10 ಜನಕ್ಕೆ 5 ಗಂಟೆ ಆಯ್ತು, ಮನೆ ಕೆಲಸದ ಮಧ್ಯೆ ನಿಮಗಿರೋದೇ ಅಷ್ಟು ಅಂದ್ರೆ ಧಾರಾಳವಾಗಿ ಅನ್ನಿ. ಹತ್ತನೇಯವರು ಸೇರಿದ ದಿನ ಬಟನ್ ತೆಗೆದು, ಮುಂದಿನ ಬ್ಯಾಚ್ ಯಾವ ತಾರೀಕು ಅಂತ ಹಾಕಿ.