ಕೈಗೆ ಬಂದ ದುಡ್ಡು ಬೇರೆ, ಮನೆಗೆ ಹೋದ ದುಡ್ಡು ಬೇರೆ

ಎಲ್ಲರಿಗೂ ನಮಸ್ಕಾರ. ಇವತ್ತು ಬಸ್ ದರದ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ. ಯಾಕೆಂದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದ ಕಾಮೆಂಟ್ ನಾಲ್ಕು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಓದುತ್ತೇನೆ, ಕೇಳಿ.

"ಸರ್, ಈಗ ತಳ್ಳುಗಾಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಯಾರು ಎಷ್ಟು ದುಡೀತಾರೆ ಅಂತ ಬ್ಯಾಂಕಲ್ಲೇ ಗೊತ್ತಾಗುತ್ತೆ. ಬೀದಿ ವ್ಯಾಪಾರ ಅಳೆಯೋಕೆ ಆಗಲ್ಲ ಅನ್ನೋದೆಲ್ಲ ಹಳೇ ಕಥೆ."

ಇದಕ್ಕೆ ರಾಶಿ ಲೈಕ್ ಬೇರೆ. ಸ್ವಾಮಿ, ಕೈಗೆ ಬಂದ ದುಡ್ಡು ಬೇರೆ, ಮನೆಗೆ ಹೋದ ದುಡ್ಡು ಬೇರೆ. ಇವತ್ತು ನಾನು ಹೇಳುವುದು ಇದೊಂದೇ ಮಾತು. ಕೊನೆಯವರೆಗೂ ಇದನ್ನೇ ಹೇಳುತ್ತೇನೆ.

ನಮ್ಮ ಬಸವನಗುಡಿ ಕಡೆ ಒಂದು ಅಡ್ಡರಸ್ತೆಯಲ್ಲಿ ತರಕಾರಿ ಗಾಡಿ ಹಾಕುವ ಒಬ್ಬ ಅಕ್ಕ ಇದ್ದಾರೆ. ಎಂಟು ವರ್ಷದಿಂದ ಅವರ ಹತ್ತಿರವೇ ತರಕಾರಿ ತಗೊಳ್ಳುತ್ತೇನೆ. "ಅಕ್ಕ, ಒಂದು ದಿನ ನಿಮ್ಮ ಜೊತೆ ಬರ್ತೀನಿ, ಲೆಕ್ಕ ಬರ್ಕೊಳ್ಳಲಾ?" ಅಂದೆ. "ಬಾ ಅಣ್ಣ, ನನಗೂ ಗೊತ್ತಾಗ್ಲಿ ಎಷ್ಟು ಉಳೀತದೆ ಅಂತ" ಅಂದರು. ಗಮನಿಸಿ. ಅವರಿಗೇ ಗೊತ್ತಿಲ್ಲ. ಸುಳ್ಳು ಹೇಳುತ್ತಿಲ್ಲ, ಮುಚ್ಚಿಡುತ್ತಿಲ್ಲ. ದಿನದ ಕೊನೆಯಲ್ಲಿ ಕೂತು ಲೆಕ್ಕ ಹಾಕಲು ಅವರಿಗೆ ಪುರುಸೊತ್ತಿಲ್ಲ.

ಬೆಳಗಿನ ಜಾವ ಮೂರೂವರೆಗೆ ಸಿಟಿ ಮಾರ್ಕೆಟ್. ಮೊದಲು ಹೋದದ್ದು ತರಕಾರಿ ಹತ್ತಿರ ಅಲ್ಲ, ದುಡ್ಡು ಕೊಡುವವನ ಹತ್ತಿರ. ಅವನು ಕೈಗೆ ಕೊಟ್ಟದ್ದು 4,500 ರೂಪಾಯಿ. ಸಂಜೆ ವಾಪಸ್ ಕೊಡಬೇಕಾದದ್ದು 5,000. ಒಂದು ದಿನಕ್ಕೆ 500 ರೂಪಾಯಿ ಬಡ್ಡಿ. ಆ 4,500ಕ್ಕೂ ಮಾಲು ತಗೊಂಡರು. ಟೊಮೆಟೊ, ಬೀನ್ಸ್, ಬದನೆಕಾಯಿ, ಕೊತ್ತಂಬರಿ ಕಟ್ಟು. ಗೂಡ್ಸ್ ಆಟೋಗೆ 300. ಗಾಡಿ ಅವರದಲ್ಲ, ದಿನದ ಬಾಡಿಗೆ 60. ಸಂಜೆಗೆ ಬ್ಯಾಟರಿ ಲೈಟ್ ಬಾಡಿಗೆ 30. ಕವರ್‌ಗೆ 40. ಆಮೇಲೆ ಗಾಡಿ ನಿಲ್ಲಿಸುವ ಜಾಗಕ್ಕೆ ಅಂತ ಒಬ್ಬರು ಬಂದು 50 ತಗೊಂಡು ಹೋದರು. ಅದಕ್ಕೆ ರಸೀದಿ ಇಲ್ಲ.

ರಾತ್ರಿ ಒಂಬತ್ತಕ್ಕೆ ಒಟ್ಟು ವ್ಯಾಪಾರ 6,200 ರೂಪಾಯಿ. ಫೋನಿಗೆ 3,900, ನಗದು 2,000, ಇನ್ನು 300 "ನಾಳೆ ಕೊಡ್ತೀನಿ ಅಕ್ಕ" ಬಾಬ್ತು. ಈಗ ಕಳೆಯಿರಿ. ಮಾಲು 4,500, ಬಡ್ಡಿ 500, ಆಟೋ 300, ಗಾಡಿ, ಲೈಟು, ಕವರ್ರು, ಜಾಗ ಸೇರಿ 180. ಉಳಿದದ್ದು 720. ಅದರಲ್ಲಿ 300 ಇನ್ನೂ ಬಂದಿಲ್ಲ. ಹದಿನೇಳು ಗಂಟೆ ದುಡಿದು ಆ ರಾತ್ರಿ ಅವರು ಮನೆಗೆ ಒಯ್ದದ್ದು 420 ರೂಪಾಯಿ, ಜೊತೆಗೆ ಬಾಡಿದ ಒಂದು ಕೆಜಿ ಬದನೆಕಾಯಿ.

ಆ ಬದನೆಕಾಯಿಯಲ್ಲೇ ಮಾರನೇ ದಿನದ ಸಾರು. ಅದೂ ಆದಾಯವೇ ಅಲ್ವಾ? ಯಾವ ಬ್ಯಾಂಕಿನ ಲೆಕ್ಕದಲ್ಲಿದೆ ಅದು?

ಈಗ ಕ್ಯೂಆರ್ ಕೋಡ್ ವಿಷಯಕ್ಕೆ ಬರೋಣ. ಆ ದಿನ ಆ ಖಾತೆಗೆ ಬಂದದ್ದು 3,900 ಅಲ್ಲ, 4,500. ಹೇಗೆ? ಪಕ್ಕದಲ್ಲಿ ಹೂವು ಮಾರುವ ಅಜ್ಜಿ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಅಜ್ಜಿಯ ಗಿರಾಕಿಗಳೂ ಇದೇ ಕೋಡ್‌ಗೆ ದುಡ್ಡು ಹಾಕುತ್ತಾರೆ. ರಾತ್ರಿ ಅಕ್ಕ 600 ರೂಪಾಯಿ ನಗದು ಎಣಿಸಿ ಅಜ್ಜಿ ಕೈಗೆ ಕೊಟ್ಟರು. ಇನ್ನೊಂದು, ಆ ಖಾತೆ ಅಕ್ಕನದಲ್ಲ, ಮಗನದು. ಅಂದರೆ ಬ್ಯಾಂಕ್ ನೋಡಿದರೆ ಏನು ಕಾಣುತ್ತದೆ? ಒಬ್ಬ ಹುಡುಗ ದಿನಕ್ಕೆ 4,500 ರೂಪಾಯಿ ದುಡಿಯುತ್ತಿದ್ದಾನೆ. ಅಕ್ಕನೂ ಇಲ್ಲ, ಅಜ್ಜಿಯೂ ಇಲ್ಲ. 720 ಕೂಡ ಇಲ್ಲ. ಕೈಗೆ ಬಂದ ದುಡ್ಡು ಬೇರೆ, ಮನೆಗೆ ಹೋದ ದುಡ್ಡು ಬೇರೆ!

ಇದು ನಾನು ಸುಮ್ನೆ ಹೇಳುವ ಮಾತಲ್ಲ. 2025ರ ಜುಲೈ ನೆನಪಿದೆಯಲ್ಲ? ನಮ್ಮ ರಾಜ್ಯದಲ್ಲಿ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟಿನ ಗೆರೆ. ಆ ಗೆರೆ ಇರುವುದು ವಹಿವಾಟಿಗೆ, ಲಾಭಕ್ಕಲ್ಲ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆದರೂ ತರಕಾರಿ ಮಾರುವವರಿಗೂ ನೋಟಿಸ್ ಬಂತು. ಆಮೇಲೆ ಏನಾಯಿತು? ಬೆಂಗಳೂರಿನ ಬೀದಿಬೀದಿಯಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಬಿತ್ತು. ಅಳೆಯಲು ಹೋದ ಕೋಲಿಗೇ ಹೆದರಿ ಜನ ಜಾಗ ಖಾಲಿ ಮಾಡಿದರು. ಇವತ್ತು ಯುಪಿಐ ಮೊತ್ತ ಕಮ್ಮಿ ಆದರೆ ವ್ಯಾಪಾರ ಬಿತ್ತು ಅಂತ ಓದುತ್ತೀರಾ, ಭಯ ಜಾಸ್ತಿ ಆಯಿತು ಅಂತ ಓದುತ್ತೀರಾ?

"ಹಾಗಾದರೆ ಮನೆಮನೆಗೆ ಹೋಗಿ ಕೇಳಲಿ" ಅಂತ ಇನ್ನೊಬ್ಬರು. ಕೇಳುತ್ತಾರೆ ಸ್ವಾಮಿ! 2017ರಿಂದ ಪಿಎಲ್‌ಎಫ್‌ಎಸ್ ಅಂತ ಕಾರ್ಮಿಕರ ಸಮೀಕ್ಷೆ ನಡೆಯುತ್ತಿದೆ. ಅದನ್ನು ಮಾಡುವವರ ಬಗ್ಗೆ ನನಗೆ ಗೌರವ ಇದೆ, ಬಿಸಿಲಲ್ಲಿ ಮೆಟ್ಟಿಲು ಹತ್ತಿ ಇಳಿಯುವ ಜನ ಅವರು. ಆದರೆ ಸ್ವಂತ ದುಡಿಮೆ ಮಾಡುವವರಿಗೆ ಅಲ್ಲಿ ಕೇಳುವುದು ಕಳೆದ 30 ದಿನದ ಗಳಿಕೆ. ಹಗಲು ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಅಕ್ಕ ಮನೆಯಲ್ಲಿರುವುದಿಲ್ಲ, ಅತ್ತೆ ಇರುತ್ತಾರೆ. ಅತ್ತೆ ಏನು ಹೇಳುತ್ತಾರೆ? "ದಿನಕ್ಕೆ ಐನೂರು ಬರಬಹುದು." ಅದನ್ನು ಮೂವತ್ತಕ್ಕೆ ಗುಣಿಸಿದರೆ ಮುಗೀತು. ಮಳೆ ಬಂದು ಗಾಡಿ ಎತ್ತಿದ ದಿನ ಎಲ್ಲಿ? ಟೊಮೆಟೊ ಬೆಲೆ ಬಿದ್ದು ಕೈ ಸುಟ್ಟುಕೊಂಡ ದಿನ ಎಲ್ಲಿ? ಗೌರಿ ಹಬ್ಬದ ಹಿಂದಿನ ದಿನದ ಜೋರು ವ್ಯಾಪಾರ ಎಲ್ಲಿ? ಎಲ್ಲವೂ ಆ ಐನೂರರ ಕೆಳಗೆ ಮುಚ್ಚಿಹೋದವು.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ, ಇದು ನನ್ನನ್ನು ತುಂಬಾ ಕಾಡಿದೆ. ಜಿಡಿಪಿ ಲೆಕ್ಕದಲ್ಲಿ ಮುಖ್ಯವಾದದ್ದು ಮೌಲ್ಯವರ್ಧನೆ. ಮಾರಿದ ಮೊತ್ತದಿಂದ ಮಾಲು, ಸಾಗಣೆ, ಬಾಡಿಗೆ ಗಾಡಿ, ಇಂಥ ಖರ್ಚು ಕಳೆಯುತ್ತಾರೆ. ಬಡ್ಡಿ ಕಳೆಯುವುದಿಲ್ಲ, ರಸೀದಿ ಇಲ್ಲದೆ ಜಾಗಕ್ಕೆ ಅಂತ ತಗೊಂಡ 50 ಕೂಡ ಕಳೆಯುವುದಿಲ್ಲ. ಹಾಗೆ ಹಾಕಿದರೆ ಅಕ್ಕನ ಗಾಡಿಯ ಆ ದಿನದ ಮೌಲ್ಯ 1,270 ರೂಪಾಯಿ. ಅದು ತಪ್ಪೇನಲ್ಲ. ದೇಶದ ದೃಷ್ಟಿಯಿಂದ ಆ ಗಾಡಿ ಹುಟ್ಟಿಸಿದ್ದು ಅಷ್ಟೇ. ಆದರೆ ಅದರಲ್ಲಿ 500 ಬಡ್ಡಿಯವನಿಗೆ, 50 ಜಾಗದವನಿಗೆ, ಅಕ್ಕನಿಗೆ 720. ಅತ್ಯಂತ ಸರಿಯಾಗಿ ಅಳೆದರೂ, ಒಂದು ರೂಪಾಯಿ ತಪ್ಪದೆ ಅಳೆದರೂ, 1,270 ಅನ್ನುವ ಸಂಖ್ಯೆ ಆ ಮನೆಯ ಪಾತ್ರೆಯಲ್ಲಿ ಏನಿದೆ ಅಂತ ಹೇಳುವುದಿಲ್ಲ. ಕೈಗೆ ಬಂದ ದುಡ್ಡು ಬೇರೆ, ಮನೆಗೆ ಹೋದ ದುಡ್ಡು ಬೇರೆ. ಬರೆದಿಟ್ಟುಕೊಳ್ಳಿ.

ಇಲ್ಲಿವರೆಗೂ ಕೇಳಿದ್ದೀರಿ ಅಂದರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ನಿಮ್ಮ ಏರಿಯಾದ ವಾಟ್ಸಾಪ್ ಗುಂಪಿಗೆ ಕಳಿಸಿ. "ಬೀದಿ ವ್ಯಾಪಾರಿಗಳಿಗೆ ತಿಂಗಳಿಗೆ ಲಕ್ಷಗಟ್ಟಲೆ" ಅಂತ ಫಾರ್ವರ್ಡ್ ಮಾಡುವ ಅಂಕಲ್ ಇರುವ ಗುಂಪಿಗೆ ಮೊದಲು ಕಳಿಸಿ.

ಕೂಲಿ ವಿಷಯವೂ ಇದೇ. ಬೆಳಿಗ್ಗೆ ಏಳಕ್ಕೆ ಸರ್ಕಲ್‌ಗಳಲ್ಲಿ ಗಾರೆ ಕೆಲಸದವರು, ಪೇಂಟಿಂಗ್‌ನವರು ಊಟದ ಡಬ್ಬಿ ಹಿಡಿದು ನಿಂತಿರುತ್ತಾರೆ, ನೋಡಿದ್ದೀರಲ್ಲ? ಈ ಅಕ್ಕನ ಯಜಮಾನರೂ ಅಲ್ಲೇ ನಿಲ್ಲುತ್ತಾರೆ. ಹೋದ ವಾರ ಆರು ದಿನ ನಿಂತರು, ಎರಡು ದಿನ ಕೆಲಸ ಸಿಕ್ಕಿತು. ಆ ಕಾರ್ಮಿಕರ ಸಮೀಕ್ಷೆಯಲ್ಲಿ ವಾರದ ಲೆಕ್ಕದ ನಿಯಮ ಏನು ಗೊತ್ತಾ? ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಆ ವಾರ ಅವರು ಉದ್ಯೋಗದಲ್ಲಿದ್ದವರು. ಒಂದೊಂದು ದಿನದ ವಿವರವನ್ನೂ ಸಮೀಕ್ಷೆಯವರು ಬರೆದುಕೊಳ್ಳುತ್ತಾರೆ, ಇಲ್ಲ ಅನ್ನಲ್ಲ. ಆದರೆ ಪೇಪರಿನ ತಲೆಬರಹಕ್ಕೆ ಬರುವುದು ಉದ್ಯೋಗ ಇದೆಯೋ ಇಲ್ಲವೋ ಅನ್ನುವುದು ಮಾತ್ರ. ನಿಂತು ವಾಪಸ್ ಬಂದ ನಾಲ್ಕು ಬೆಳಗ್ಗೆಗಳನ್ನು ಯಾರು ಓದುತ್ತಾರೆ? ದಿನಗೂಲಿ 900 ಅಂತ ಕೇಳಿದ ಕೂಡಲೇ ನಮ್ಮ ಜನ ಇಪ್ಪತ್ತಾರಕ್ಕೆ ಗುಣಿಸುತ್ತಾರೆ. ಶನಿವಾರ ಬಟವಾಡೆ ದಿನ ಮೇಸ್ತ್ರಿ ಮುಂಗಡ ಮುರಿದುಕೊಂಡು ಎಷ್ಟು ಕೊಟ್ಟ ಅಂತ ಕೇಳುವುದಿಲ್ಲ. ಇನ್ನು ಕಂಪನಿಯಾಗಿ ನೋಂದಣಿ ಆಗದ ಸಣ್ಣ ಉದ್ಯಮಗಳಿಗೆ ಅಂತಲೇ ಒಂದು ವಾರ್ಷಿಕ ಸಮೀಕ್ಷೆ ಇದೆ, ಎಎಸ್‌ಯುಎಸ್‌ಇ. ಅದರಲ್ಲಿ ಕಟ್ಟಡ ಕೆಲಸ ಸೇರುವುದೇ ಇಲ್ಲ. ಸೈಟ್ ಮುಗಿದ ಮೇಲೆ ಶೆಡ್ ಕಿತ್ತು ಇನ್ನೊಂದು ಬಡಾವಣೆಗೆ ಹೋಗುವ ಯಾದಗಿರಿ, ರಾಯಚೂರಿನ ಕುಟುಂಬವನ್ನು ಎರಡನೇ ಸಲ ಹುಡುಕಿಕೊಂಡು ಹೋದರೆ ಸಿಗುವುದು ಖಾಲಿ ಜಾಗ.

ದುಡ್ಡು ಬಿಡಿ, ತಲೆ ಎಣಿಸುವುದಕ್ಕಾದರೂ ಆಗಿದೆಯಾ? 2014ರ ಬೀದಿ ವ್ಯಾಪಾರಿಗಳ ಕಾನೂನು ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿ ಅನ್ನುತ್ತದೆ. ಜನಸಂಖ್ಯೆಯ ಶೇಕಡಾ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡಿ ಅನ್ನುತ್ತದೆ. 2011ರ ಜನಗಣತಿಯಲ್ಲಿ ಆಗಿನ ಬಿಬಿಎಂಪಿ ವ್ಯಾಪ್ತಿಯ ಜನ ಸುಮಾರು 84 ಲಕ್ಷ. ಅದರ 2.5 ಅಂದರೆ 2 ಲಕ್ಷ ದಾಟುತ್ತದೆ. 2017ರ ಸಮೀಕ್ಷೆಯಲ್ಲಿ ಸಿಕ್ಕವರು ಸುಮಾರು 25 ಸಾವಿರ. ಹಗಲು ಹೊತ್ತು ಎಣಿಸಿದರೆ ಸಂಜೆ ಬರುವ ಬೋಂಡಾ ಗಾಡಿ ಸಿಗಲ್ಲ. ಬೆಳಗಿನ ಜಾವದ ಹೂವಿನವರು ಸಿಗಲ್ಲ. ತಲೆ ಮೇಲೆ ಬುಟ್ಟಿ ಹೊತ್ತು ತಿರುಗುವವರು ಎಲ್ಲೂ ಸಿಗಲ್ಲ. ಹಿಂದಿನ ದಿನ ಎತ್ತಂಗಡಿ ಆದ ಬೀದಿಗೆ ಹೋದರೆ ಒಬ್ಬರೂ ಇರಲ್ಲ.

"ಇದೆಲ್ಲ ಭಾವನಾತ್ಮಕ, ದೊಡ್ಡ ಸಂಖ್ಯೆಯಲ್ಲಿ ಸರಾಸರಿ ಸರಿಹೋಗುತ್ತದೆ" ಅಂತ ಬರೆಯಲು ಯಾರೋ ಕೈ ಎತ್ತಿರುತ್ತೀರಿ, ನನಗೆ ಗೊತ್ತು. ಸರಿಹೋಗಲ್ಲ! ಮಗನ ಖಾತೆ, ಅಜ್ಜಿಯ 600, ಬಡ್ಡಿಯ 500, ಇವು ಒಂದು ಸಲ ಹೆಚ್ಚು ಒಂದು ಸಲ ಕಮ್ಮಿ ಆಗುವ ತಪ್ಪುಗಳಲ್ಲ. ಬ್ಯಾಂಕ್ ಮೊತ್ತವನ್ನೇ ಗಳಿಕೆ ಅಂದುಕೊಂಡರೆ ಪ್ರತಿದಿನ ಒಂದೇ ಕಡೆಗೆ ವಾಲುವ ತಪ್ಪುಗಳು. ಲಕ್ಷ ಗಾಡಿ ಸೇರಿಸಿದರೆ ಲಕ್ಷ ಪಟ್ಟು ವಾಲುತ್ತವೆ ಅಷ್ಟೇ. ಕೈಗೆ ಬಂದ ದುಡ್ಡು ಬೇರೆ ರೀ! ಮನೆಗೆ ಹೋದ ದುಡ್ಡು ಬೇರೆ! ಇನ್ನು ಎಷ್ಟು ಸಲ ಹೇಳಲಿ?

ಆ ಕಾಮೆಂಟ್ ಬರೆದವರೇ, ಕೋಪ ಇಲ್ಲ ನಿಮ್ಮ ಮೇಲೆ. ಇದೆ ಸ್ವಲ್ಪ. ನಾಡಿದ್ದು ಬೆಳಗಿನ ಜಾವ ಮೂರೂವರೆಗೆ ಮಾರ್ಕೆಟ್‌ಗೆ ಬನ್ನಿ. ಅಕ್ಕನ ಹತ್ತಿರ ಕೇಳಿದ್ದೇನೆ, "ಕರ್ಕೊಂಡ್ ಬಾ ಅಣ್ಣ, ಟೊಮೆಟೊ ಬಾಕ್ಸ್ ಇಳಿಸೋಕೆ ಒಂದ್ ಕೈ ಆಗ್ತದೆ" ಅಂದಿದ್ದಾರೆ. ನೋಟ್‌ಬುಕ್ಕು, ಪೆನ್ನು ನಾನು ತರುತ್ತೇನೆ. ರಾತ್ರಿ ಒಂಬತ್ತರವರೆಗೂ ಇರಬೇಕು, ಮಧ್ಯಾಹ್ನಕ್ಕೆ ಎದ್ದು ಹೋಗುವ ಹಾಗಿಲ್ಲ.