ಕ್ಲೈಮ್‌ನಲ್ಲಿ 21,000 ರೂಪಾಯಿ ಎಲ್ಲಿ ಹೋಯ್ತು?

[ದೃಶ್ಯ: ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಪಕ್ಕದಲ್ಲಿ ಏಣಿ]

ನಮಸ್ಕಾರ. ಕೊಡಗಿನಲ್ಲಿ ಕರಿಮೆಣಸು ಕೊಯ್ಯುವ ಕಾಲ ಬಂತೆಂದರೆ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರ ಸುದ್ದಿಯೂ ಬರುತ್ತದೆ. ಮಡಿಕೇರಿಯಲ್ಲಿ ಎಕ್ಸ್-ರೇ ತೆಗೆಸಿ, ಆಪರೇಷನ್‌ಗೆ ಮೈಸೂರಿಗೆ ಹೋಗುವವರು ಬಹಳ ಮಂದಿ. ಇವತ್ತು ಅಂಥ ಒಂದು ಬಿಲ್ ಹಿಡಿದು ಲೆಕ್ಕ ಮಾಡೋಣ. ಸುಂಟಿಕೊಪ್ಪದ ಕಡೆಯ ಒಬ್ಬ ಬೆಳೆಗಾರರದ್ದು ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು.

ಒಟ್ಟು ಬಿಲ್ 1,60,000 ರೂಪಾಯಿ. ಇನ್ಶೂರೆನ್ಸ್ ಕಂಪನಿ ಕೊಟ್ಟದ್ದು 74,400. ಉಳಿದ 85,600 ಅನ್ನು ಮನೆಯವರು ಡಿಸ್ಚಾರ್ಜ್ ದಿನ ಕಟ್ಟಿದರು. ಇದು ಸರಿಯಾ?

[ಸ್ಕ್ರೀನ್ ಮೇಲೆ]
ರೂಮ್ ಬಾಡಿಗೆ, 4 ದಿನ: 24,000
ಡಾಕ್ಟರ್, ಅನಸ್ತೇಶಿಯಾ, ಆಪರೇಷನ್ ಥಿಯೇಟರ್, ನರ್ಸಿಂಗ್: 60,000
ಪ್ಲೇಟ್, ಸ್ಕ್ರೂ: 40,000
ಔಷಧಿ: 20,000
ಎಕ್ಸ್-ರೇ, ರಕ್ತ ಪರೀಕ್ಷೆ: 10,000
ಪಾಲಿಸಿಗೆ ಸೇರದ ವಸ್ತುಗಳು: 6,000

ಮೊದಲು ಬಿಲ್ಲನ್ನೇ ಕೂಡಿ ನೋಡಿ. ರೂಮ್ ದಿನಗಳನ್ನು ಅಡ್ಮಿಷನ್, ಡಿಸ್ಚಾರ್ಜ್ ತಾರೀಖಿನ ಜೊತೆ ತಾಳೆ ಹಾಕಿ. ಉಳಿದ ಔಷಧಿ ವಾಪಸ್ ಕೊಟ್ಟಿದ್ದರೆ ಅದರ ಹಣ ಕಳೆದಿದ್ದಾರಾ ನೋಡಿ. ಇಲ್ಲಿ ಮೊತ್ತ ಸರಿಯಾಗಿದೆ.

ಈಗ ಪಾಲಿಸಿ. ಇವರಿಗೆ ರೂಮ್ ಬಾಡಿಗೆ ದಿನಕ್ಕೆ 4,000ದವರೆಗೆ ಮಾತ್ರ. ಅವರು ಇದ್ದದ್ದು 6,000ದ ರೂಮಿನಲ್ಲಿ. ಡಿಡಕ್ಟಿಬಲ್ 20,000, ಅಂದರೆ ಅಷ್ಟು ಹಣ ಮೊದಲು ನಾವೇ ಭರಿಸಬೇಕು. ಕೋ-ಪೇ 10 ಪರ್ಸೆಂಟ್, ಅಂದರೆ ಒಪ್ಪಿದ ಮೊತ್ತದಲ್ಲಿ ಹತ್ತನೇ ಒಂದು ಪಾಲು ನಮ್ಮದು.

ಪಾಲಿಸಿಗೆ ಸೇರದ 6,000 ನಮ್ಮ ತಲೆಗೇ. ರೂಮ್ ಬಾಡಿಗೆಯಲ್ಲಿ 24,000ದ ಬದಲು 16,000 ಸಿಗುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ದುಬಾರಿ ರೂಮ್ ತೆಗೆದುಕೊಂಡರೆ ಡಾಕ್ಟರ್ ಫೀಸು, ಥಿಯೇಟರ್ ಚಾರ್ಜನ್ನೂ ಅದೇ ಪ್ರಮಾಣದಲ್ಲಿ ಕಡಿಯಬಹುದು. ಇದಕ್ಕೆ ಪ್ರಪೋರ್ಷನೇಟ್ ಡಿಡಕ್ಷನ್ ಅನ್ನುತ್ತಾರೆ. ಮೂರರಲ್ಲಿ ಎರಡು ಪಾಲು ಸಿಕ್ಕಿ, 60,000 ಹೋಗಿ 40,000 ಆಗುತ್ತದೆ.

ಎಡವಟ್ಟಾಗುವುದು ಇಲ್ಲೇ. ಔಷಧಿ, ಪರೀಕ್ಷೆ, ದೇಹದೊಳಗೆ ಹಾಕುವ ಪ್ಲೇಟ್ ಮೇಲೆ ಈ ಕಡಿತ ಮಾಡುವಂತಿಲ್ಲ. ಐಸಿಯು ಚಾರ್ಜಿಗೂ ಮಾಡುವಂತಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಯಾವ ರೂಮಿನಲ್ಲಿ ಮಲಗಿದರೂ ಸ್ಕ್ರೂ ಅದೇ ಸ್ಕ್ರೂ, ಅಲ್ವಾ? ಆಸ್ಪತ್ರೆಯಲ್ಲಿ ಎಲ್ಲ ರೂಮಿನವರಿಗೂ ಡಾಕ್ಟರ್ ಫೀಸು ಒಂದೇ ಆಗಿದ್ದರೆ ಅದನ್ನೂ ಕಡಿಯುವಂತಿಲ್ಲ. ಹಾಗಿದ್ದರೆ ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಳ್ಳಿ.

[ಸ್ಕ್ರೀನ್ ಮೇಲೆ]
ರೂಮ್ 16,000 + ಡಾಕ್ಟರ್, ಥಿಯೇಟರ್ 40,000 + ಪ್ಲೇಟ್, ಔಷಧಿ, ಪರೀಕ್ಷೆ 70,000 = 1,26,000
ಡಿಡಕ್ಟಿಬಲ್ 20,000 ಕಳೆದರೆ 1,06,000
ಕೋ-ಪೇ 10,600 ಕಳೆದರೆ 95,400

ಬರಬೇಕಾದದ್ದು 95,400, ಬಂದದ್ದು 74,400. ವ್ಯತ್ಯಾಸ 21,000. ಕಂಪನಿಯವರು ಆ 70,000ದ ಮೇಲೂ ಮೂರನೇ ಒಂದು ಪಾಲು, ಅಂದರೆ 23,333 ಕಡಿದಿದ್ದಾರೆ. ಅದರಲ್ಲಿ ಹತ್ತು ಪರ್ಸೆಂಟ್ ಹೇಗೂ ಕೋ-ಪೇಗೆ ಹೋಗುತ್ತಿತ್ತು. ಹಾಗಾಗಿ ನಿಜವಾದ ನಷ್ಟ 21,000.

ಸೆಟ್ಲ್‌ಮೆಂಟ್ ಲೆಟರ್‌ನಲ್ಲಿ ಇದು ಎದ್ದು ಕಾಣುತ್ತದೆ. ಔಷಧಿಯ ಸಾಲಿನಲ್ಲಿ 20,000ದ ಎದುರು ಒಪ್ಪಿದ್ದು 13,333 ಅಂತ ಇದ್ದರೆ, ರೂಮಿನ ಲೆಕ್ಕವನ್ನು ಔಷಧಿಗೂ ಎಳೆದಿದ್ದಾರೆ ಅಂತಲೇ ಅರ್ಥ. ಲೆಟರ್‌ನಲ್ಲಿ ಬರೀ ಒಟ್ಟು ಕಡಿತ ಹಾಕಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಸಾಲು ಸಾಲಾಗಿ ವಿವರ ಕೇಳಿ.

ಇನ್ನೊಂದು ಸಣ್ಣ ವಿಷಯ. ಕೋ-ಪೇ ಮೊದಲು, ಡಿಡಕ್ಟಿಬಲ್ ಆಮೇಲೆ ಕಳೆದರೆ 93,400 ಬರುತ್ತದೆ, 2,000 ಕಡಿಮೆ. ಯಾವುದು ಮೊದಲು ಅನ್ನೋದು ನಿಮ್ಮ ಪಾಲಿಸಿ ಪತ್ರದಲ್ಲಿ ಇರುವಂತೆ. ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ, ಪ್ರತಿ ಕ್ಲೈಮಿಗೋ ಅನ್ನೋದನ್ನೂ ಅಲ್ಲೇ ಓದಿ. ವರ್ಷಕ್ಕೊಮ್ಮೆ ಅಂತಿದ್ದು, ಅದೇ ಪಾಲಿಸಿ ವರ್ಷದಲ್ಲಿ ಹಿಂದಿನ ಕ್ಲೈಮಿನಲ್ಲೇ ಪೂರ್ತಿ ಕಳೆದಿದ್ದರೆ ಮತ್ತೆ ಹಿಡಿಯುವಂತಿಲ್ಲ.

[ದೃಶ್ಯ: ಸೆಟ್ಲ್‌ಮೆಂಟ್ ಲೆಟರ್, ಔಷಧಿಯ ಸಾಲಿಗೆ ಕೆಂಪು ಗೆರೆ]

ತಪ್ಪು ಕಂಡರೆ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಹಾಕಿ. ಫೈನಲ್ ಬಿಲ್, ಸೆಟ್ಲ್‌ಮೆಂಟ್ ಲೆಟರ್, ನೀವು ಮಾಡಿದ ಲೆಕ್ಕ, ಮೂರನ್ನೂ ಸೇರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಫೀಸು ಇಲ್ಲ, ವಕೀಲರೂ ಬೇಕಿಲ್ಲ. ಆದರೆ ಒಂದು ವರ್ಷದೊಳಗೆ ಕೊಡಬೇಕು.